ಸಕ್ಕರೆ ಲೆಕ್ಕ, ಭಾಗ 4: ಕಾಕಂಬಿಗೆ ರೇಟು ಹಾಕೋದು ಯಾರು?

ಸಹಕಾರಿ ಸಕ್ಕರೆ ಕಾರ್ಖಾನೆ 'ಕ್ವಿಂಟಲ್‌ಗೆ ಇಷ್ಟು ಖರ್ಚು, ಅದಕ್ಕೇ ನಷ್ಟ' ಅಂದ ಕೂಡಲೇ ನಂಬಬೇಡಿ. ಮೊದಲು ಕಾಕಂಬಿಗೆ ಎಷ್ಟು ರೇಟು ಹಾಕಿದ್ದಾರೆ ಅಂತ ಕೇಳಿ.

ಒಂದು ಊಹೆಯ ಲೆಕ್ಕ ಮಾಡೋಣ. 10 ಟನ್ ಕಬ್ಬು ನುರಿಸಿದ್ರೆ, ಇಳುವರಿ ಶೇ. 10 ಇದ್ದಾಗ, 10 ಕ್ವಿಂಟಲ್ ಸಕ್ಕರೆ. ಕಬ್ಬಿಗೆ 33,000, ನುರಿಸೋ ಖರ್ಚು, ಸಂಬಳ, ಬಡ್ಡಿ ಎಲ್ಲಾ ಸೇರಿ 9,000. ಒಟ್ಟು 42,000. ಅಂದ್ರೆ ಕ್ವಿಂಟಲ್‌ಗೆ 4,200 ರೂಪಾಯಿ.

ಆದರೆ ಅದೇ ಕಬ್ಬಿನಿಂದ ಸುಮಾರು 450 ಕೆಜಿ ಕಾಕಂಬಿನೂ ಬರುತ್ತೆ. ಕೆಜಿಗೆ 10 ರೂಪಾಯಿ ಅಂದ್ರೆ 4,500. ಸುಮಾರು 3 ಟನ್ ಬಗಾಸ್‌ನಲ್ಲಿ ಬಹುಪಾಲು ಕಾರ್ಖಾನೆಯ ಬಾಯ್ಲರ್‌ಗೇ ಹೋಗುತ್ತೆ. ಅದನ್ನ ಕಳೆಯೋ ಹಾಗಿಲ್ಲ, ಇಂಧನದ ಖರ್ಚು ಆಗಲೇ ಉಳಿದಿದೆ (ಎರಡು ಸಲ ಲಾಭ ತೋರಿಸಿದ ಹಾಗಾಗುತ್ತೆ). ಮಿಕ್ಕ 500 ಕೆಜಿ ಮಾರಿದ್ರೆ, ಕೆಜಿಗೆ 2ರಂತೆ 1,000. ಈ 5,500 ಕಳೆದ್ರೆ ಕ್ವಿಂಟಲ್‌ಗೆ 3,650.

ಈಗ ಅದೇ ಕಾರ್ಖಾನೆಗೆ ಸ್ವಂತ ಡಿಸ್ಟಿಲರಿ ಇದೆ ಅನ್ಕೊಳ್ಳಿ. ಕಾಕಂಬಿಯನ್ನ ಅಲ್ಲಿಗೆ ಕೆಜಿಗೆ 5 ರೂಪಾಯಿಗೆ 'ವರ್ಗಾವಣೆ' ಅಂತ ಬರೆದ್ರೆ ಸಕ್ಕರೆ ವೆಚ್ಚ 3,875 ಆಗುತ್ತೆ. ಒಂದು ಕಬ್ಬಿನ ಗಣಿಕೆಯೂ ಬದಲಾಗಿಲ್ಲ! ಲಾಭ ಡಿಸ್ಟಿಲರಿ ಖಾತೆಗೆ ಹೋಯ್ತು, ನಷ್ಟ ಸಕ್ಕರೆ ಖಾತೆಯಲ್ಲಿ ಉಳೀತು. ಕಬ್ಬಿನ ದರದ ಮಾತು ಬಂದಾಗ ರೈತ ಸದಸ್ಯನಿಗೆ ತೋರಿಸೋದು ಇದೇ ಸಕ್ಕರೆ ಖಾತೆ.

ನನ್ನ ಪ್ರಕಾರ ವರ್ಗಾವಣೆ ದರ ಆ ವಾರದ ಮಾರುಕಟ್ಟೆ ದರವೇ ಆಗಿರಬೇಕು, ವಾರ್ಷಿಕ ಮಹಾಸಭೆಯ ವರದಿಯಲ್ಲಿ ಎದ್ದು ಕಾಣಬೇಕು. ನಿಮ್ಮ ಮನೆಯವರು ಷೇರುದಾರರಾಗಿದ್ರೆ ಈ ಸಲದ ವರದಿಯಲ್ಲಿ ಆ ಸಾಲು ಹುಡುಕಿ.