ಮನೆಯ ಲೆಕ್ಕ: ಕಾಕುವಿನ ಠೇವಣಿಯೂ ತೆರಿಗೆಯ ಕಾಗದವೂ

ಕಳೆದ ಕೆಲವು ಸಂಚಿಕೆಗಳಿಂದ ಈ ಅಂಕಣದಲ್ಲಿ ಮನೆಯ ಲೆಕ್ಕದ ಮಾತನ್ನೇ ಆಡುತ್ತ ಬಂದಿದ್ದೇವೆ. ಈ ಸಲದ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ಅದು ತಾನಾಗಿಯೇ ನಮ್ಮ ಬಾಗಿಲಿಗೆ ಬಂದಿತು.

2025ರ ಜೂನ್ ತಿಂಗಳ ಒಂದು ಭಾನುವಾರ, ದೇಹೂ ರೋಡಿನ ನಮ್ಮ ಮನೆಗೆ ನೆರೆಯ ಕಾಕು ಬಂದರು. ವಿಜಾಪುರದ ಕಡೆಯವರು; ವಯಸ್ಸು ಐವತ್ತನಾಲ್ಕು. ಅವರ ಯಜಮಾನರು ಇಲ್ಲಿಯ ಡಿಪೋದಲ್ಲಿ ನೌಕರಿ ಮಾಡಿ ತೀರಿಕೊಂಡವರು. ತಿಂಗಳಿಗೆ 15,000 ರೂಪಾಯಿ ಕುಟುಂಬ ಪಿಂಚಣಿ ಬರುತ್ತದೆ. ಯಜಮಾನರಿಂದ ಬಂದ ಹಣ ಮುದ್ದತಿ ಠೇವಣಿಯಲ್ಲಿದೆ. ಅವರ ಕೈಯಲ್ಲಿ ಎರಡು ವಸ್ತು ಇದ್ದುವು: ಬ್ಯಾಂಕಿನ ಪಾಸ್‌ಬುಕ್ಕು, ಮತ್ತು ಮಗ ಪುಣೆಯಿಂದ ಅಚ್ಚು ಹಾಕಿಸಿ ತಂದಿದ್ದ 26ಎ.ಎಸ್. ಎಂಬ ವಾರ್ಷಿಕ ತೆರಿಗೆ ವಿವರಣಪತ್ರ.

“ತಮ್ಮಾ, ವರ್ಷದಾಗ ನನಗ ಬಂದ ಬಡ್ಡಿ 37,800. ಈ ಕಾಗದದಾಗ 70,372 ಅಂತ ಬರದಾರ. ಉಳಿದ ರೊಕ್ಕ ಯಾರ ಕಿಸೆಕ ಹೋತು?” ಎಂದು ಕಾಕು ಕೇಳಿದರು.

ಯಾರ ಕಿಸೆಗೂ ಹೋಗಿರಲಿಲ್ಲ. ಆದರೆ ಅದನ್ನು ಅವರಿಗೆ ತೋರಿಸಿಕೊಡಲು ನಮಗೆ ಎರಡು ಲೋಟ ಚಹಾದಷ್ಟು ಹೊತ್ತು ಬೇಕಾಯಿತು. ಇದೇ ಗೊಂದಲ ನಮ್ಮ ವಾಚಕರಲ್ಲಿ ಅನೇಕರ ಮನೆಯಲ್ಲಿಯೂ ಇರಬಹುದಾದುದರಿಂದ, ಆ ಲೆಕ್ಕವನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇವೆ.

ಕಾಕುವಿನ ಠೇವಣಿಗಳು ಒಂದೇ ಬ್ಯಾಂಕಿನಲ್ಲಿ ಎರಡು. ಎರಡೂ 2024ರ ಏಪ್ರಿಲ್ 1ರಂದು ನವೀಕರಣವಾದುವು. ಎರಡಕ್ಕೂ ಶೇಕಡಾ 7ರ ಬಡ್ಡಿ. ಮೊದಲನೆಯದು 8,00,000 ರೂಪಾಯಿಯದು. ಇದರ ಬಡ್ಡಿ ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬಂದು ಬೀಳುತ್ತದೆ. ಎರಡನೆಯದು 2,00,000 ರೂಪಾಯಿಯದು. ಇದರ ಬಡ್ಡಿ ಕೈಗೆ ಬರದೆ ಅಸಲಿನೊಡನೆ ಸೇರಿ ಬೆಳೆಯುತ್ತದೆ.

ಆ ವರ್ಷ ಅರುವತ್ತು ತುಂಬದವರಿಗೆ ಒಂದು ಬ್ಯಾಂಕಿನಿಂದ ಬರುವ ಠೇವಣಿ ಬಡ್ಡಿ ವರ್ಷಕ್ಕೆ 40,000 ರೂಪಾಯಿ ದಾಟುವಂತಿದ್ದರೆ, ಬ್ಯಾಂಕು ನೂರಕ್ಕೆ ಹತ್ತರಂತೆ ತೆರಿಗೆಯನ್ನು ಮೊದಲೇ ಹಿಡಿದು ಸರಕಾರಕ್ಕೆ ಕಟ್ಟಬೇಕಾಗಿತ್ತು. ಇದೇ ಟಿ.ಡಿ.ಎಸ್. (2025ರ ಏಪ್ರಿಲ್ 1ರಿಂದ ಈ ಮಿತಿ 50,000 ಆಯಿತು, ಅರುವತ್ತು ತುಂಬಿದವರಿಗೆ 1,00,000.) ಕಾಕುವಿನ ಬಡ್ಡಿ ಮಿತಿಯನ್ನು ದಾಟುವುದೆಂದು ಮೊದಲೇ ತಿಳಿದಿದ್ದರಿಂದ ಬ್ಯಾಂಕು ಮೊದಲ ಕಂತಿನಿಂದಲೇ ತೆರಿಗೆ ಹಿಡಿಯಿತು.

ಈಗ ಪಾಸ್‌ಬುಕ್ಕನ್ನು ತೆರೆಯೋಣ. ಜುಲೈ 1, ಅಕ್ಟೋಬರ್ 1, ಜನವರಿ 1 ಈ ಮೂರು ದಿನ ತಲಾ 12,600 ರೂಪಾಯಿ ಜಮೆಯಾಗಿದೆ. ಕಾಕು ಕೂಡಿಸಿದ 37,800 ಇದೇ. ಆದರೆ ನಿಜವಾದ ಬಡ್ಡಿ ಪ್ರತಿ ಸಲ 14,000. ಅದರಲ್ಲಿ 1,400 ತೆರಿಗೆ ಕಳೆದು ಉಳಿದದ್ದನ್ನು ಮಾತ್ರ ಬ್ಯಾಂಕು ಖಾತೆಗೆ ಹಾಕಿತು. ಪಾಸ್‌ಬುಕ್ಕಿನಲ್ಲಿ ಆ 1,400 ಕಾಣುವುದೇ ಇಲ್ಲ. ತೆರಿಗೆಯ ಕಾಗದದಲ್ಲಿ ಮಾತ್ರ ಬಡ್ಡಿಯನ್ನು ಯಾವಾಗಲೂ ಕಡಿತಕ್ಕೆ ಮೊದಲಿನ ಮೊತ್ತವಾಗಿಯೇ ಬರೆಯುತ್ತಾರೆ. ಆದುದರಿಂದ 37,800ಕ್ಕೆ ಮೂರು ಸಲದ 4,200 ಸೇರಿಸಿದರೆ 42,000.

ಎರಡನೆಯ ಗಂಟು ನಾಲ್ಕನೆಯ ಕಂತಿನದು. ಅದು ಖಾತೆಗೆ ಬಂದದ್ದು 2025ರ ಏಪ್ರಿಲ್ 1ರಂದು. ಅಂದರೆ ಹೊಸ ವರ್ಷದಲ್ಲಿ. ಆದರೆ ಆ ಬಡ್ಡಿ ಹುಟ್ಟಿದ್ದು ಜನವರಿಯಿಂದ ಮಾರ್ಚ್‌ವರೆಗೆ. ಬ್ಯಾಂಕು ಮಾರ್ಚ್ 31ರಂದು ವರ್ಷದ ಲೆಕ್ಕ ಮುಚ್ಚುವಾಗ, ಕೊಡಬೇಕಾಗಿರುವ ಬಡ್ಡಿಯನ್ನು ತನ್ನ ಪುಸ್ತಕದಲ್ಲಿ ಕೊಟ್ಟಂತೆಯೇ ಬರೆದು ತೆರಿಗೆ ಹಿಡಿಯುತ್ತದೆ. ಹೀಗೆ 42,000ಕ್ಕೆ 14,000 ಸೇರಿ 56,000 ಆಯಿತು.

ಮೂರನೆಯದು, ಕೈಗೆ ಬಾರದ ಬಡ್ಡಿ. ಎರಡನೆಯ ಠೇವಣಿಯಲ್ಲಿ ವರ್ಷದಲ್ಲಿ ಬೆಳೆದದ್ದು 14,372 ರೂಪಾಯಿ. ಬೆಳೆದ ವರ್ಷದಲ್ಲಿಯೇ ಅದರ ಮೇಲೂ ತೆರಿಗೆ ಹಿಡಿಯಬೇಕು. ಠೇವಣಿಯ ಮುದ್ದತು ಮುಗಿಯುವವರೆಗೆ ಬ್ಯಾಂಕು ಕಾಯುವುದಿಲ್ಲ. 56,000 ಮತ್ತು 14,372 ಕೂಡಿದರೆ 70,372. ಕಾಗದದಲ್ಲಿದ್ದುದೂ ಇದೇ ಅಂಕಿ.

ತೆರಿಗೆಯ ಕಡೆಯೂ ಹೀಗೆಯೇ. ಎರಡನೆಯ ಠೇವಣಿಯ ತೆರಿಗೆಯನ್ನು ಬ್ಯಾಂಕು ಉಳಿತಾಯ ಖಾತೆಯಿಂದ ಖರ್ಚು ಬರೆದಿತ್ತು: 350, 356, 362, 369, ಒಟ್ಟು 1,437. ಪಾಸ್‌ಬುಕ್ಕಿನಲ್ಲಿ ಟಿ.ಡಿ.ಎಸ್. ಎಂಬ ಹೆಸರಿನಿಂದ ಕಾಣುವುದು ಇಷ್ಟೇ. ಇದಕ್ಕೆ ಮೊದಲನೆಯ ಠೇವಣಿಯ ನಾಲ್ಕು 1,400, ಅಂದರೆ 5,600 ಸೇರಿಸಿದರೆ 7,037. ತೆರಿಗೆಯ ಕಾಗದದ ಕೊನೆಯ ಅಂಕಣದಲ್ಲಿದ್ದುದೂ 7,037. ಎರಡೂ ಕಡೆ ಪೈಸೆ ಬಿಡದೆ ತಾಳೆ ಬಿದ್ದಾಗ ಕಾಕುವಿನ ಮುಖ ಸ್ವಲ್ಪ ಸಡಿಲವಾಯಿತು.

“ಹಂಗಾದ್ರ ಮೇ ತಿಂಗಳಾಗ ಹುಡುಗ ತಗದಾಗ ಇದರ ಅರ್ಧಾನ ಇತ್ತಲ್ಲ?” ಎಂದರು. ಅದೂ ನಿಜವೇ. ಬ್ಯಾಂಕು ತಾನು ಹಿಡಿದ ತೆರಿಗೆಯ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಇಲಾಖೆಗೆ ಸಲ್ಲಿಸುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಪಟ್ಟಿಗೆ ಮೇ 31ರವರೆಗೆ ಅವಕಾಶವಿತ್ತು. ಕಾಕುವಿನ ಜನವರಿ 1ರ ಕಂತೂ ಮಾರ್ಚ್ 31ರ ಕಂತೂ ಆ ಒಂದೇ ಪಟ್ಟಿಯಲ್ಲಿದ್ದುವು. ಆದುದರಿಂದ ಮೇ ತಿಂಗಳಲ್ಲಿ ಕಂಡದ್ದು ಮೊದಲಿನ ಎರಡು ಕಂತು ಮಾತ್ರ. ಅದನ್ನೇ ಪೂರ್ಣವೆಂದು ನಂಬಿ ರಿಟರ್ನ್ ತುಂಬಿದ್ದರೆ 3,531 ರೂಪಾಯಿಯಷ್ಟು ತೆರಿಗೆಯನ್ನು ಕೇಳಿಕೊಳ್ಳುವುದೇ ಮರೆತುಹೋಗುತ್ತಿತ್ತು. ಠೇವಣಿದಾರರು ಜೂನ್ ಮಧ್ಯದವರೆಗೆ ಕಾದು ನೋಡುವುದು ಒಳ್ಳೆಯದು.

ಇನ್ನು ಕೇಳಿಕೊಳ್ಳುವ ಮಾತು. ಪಿಂಚಣಿಯ 1,80,000, ಬಡ್ಡಿಯ 70,372, ಎರಡೂ ಸೇರಿ 2,50,372. ಆ ವರ್ಷ ಹೊಸ ಪದ್ಧತಿಯಲ್ಲಿ 3,00,000ದವರೆಗೆ ತೆರಿಗೆಯೇ ಇಲ್ಲ. ಅಂದಮೇಲೆ 7,037 ರೂಪಾಯಿಯೂ ಕಾಕುವಿನದೇ. ಆದರೆ ರಿಟರ್ನ್ ಸಲ್ಲಿಸದೆ ಅದು ಹಿಂದಿರುಗದು. ರಿಟರ್ನಿನಲ್ಲಿ ಬಡ್ಡಿಯನ್ನು 37,800 ಎಂದು ಬರೆದು ತೆರಿಗೆಯನ್ನು 7,037 ಎಂದು ಬರೆದರೆ ಇಲಾಖೆಯವರ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಯಾವ ಬಡ್ಡಿಯ ಮೇಲಿನ ತೆರಿಗೆ ಕೇಳುತ್ತೇವೋ ಆ ಬಡ್ಡಿಯನ್ನು ಪೂರ್ತಿ ತೋರಿಸಲೇಬೇಕು. ಹಾಗೆಯೇ ಏಪ್ರಿಲ್ 1ರಂದು ಬಂದ ಹಣವನ್ನು ಮುಂದಿನ ವರ್ಷದ ಆದಾಯದಲ್ಲಿ ಎರಡನೆಯ ಸಲ ಸೇರಿಸಬಾರದು.

ನಿಜವಾಗಿಯೂ ತಪ್ಪಾಗಿದ್ದರೆ ತಿಳಿಯುವುದು ಹೇಗೆ? ಪಾಸ್‌ಬುಕ್ಕಿನಲ್ಲಿ ಹಿಡಿದ ತೆರಿಗೆ ಜೂನ್ ಕಳೆದರೂ ತೆರಿಗೆಯ ಕಾಗದದಲ್ಲಿ ಕಾಣದಿದ್ದರೆ, ಬ್ಯಾಂಕಿನಲ್ಲಿರುವ ಪ್ಯಾನ್ ಸಂಖ್ಯೆಯನ್ನು ಮೊದಲು ನೋಡಿರಿ. ಜಂಟಿ ಠೇವಣಿಯಾದರೆ ತೆರಿಗೆ ಸಾಮಾನ್ಯವಾಗಿ ಮೊದಲ ಹೆಸರಿನವರ ಲೆಕ್ಕಕ್ಕೆ ಹೋಗಿರುತ್ತದೆ. ತೀರಿಕೊಂಡವರ ಹೆಸರು ಇನ್ನೂ ಮೊದಲಿದ್ದರೆ ಅಲ್ಲಿಯೇ ಸಿಕ್ಕಿಕೊಳ್ಳುವುದುಂಟು. ಪ್ರತಿ ಸಾಲಿನಲ್ಲಿ ಒಂದು ಅಕ್ಷರವೂ ಇರುತ್ತದೆ: F ಎಂದಿದ್ದರೆ ಕಟ್ಟಿದ ಹಣಕ್ಕೂ ಪಟ್ಟಿಗೂ ತಾಳೆಯಾಗಿದೆ, U ಎಂದಿದ್ದರೆ ಇನ್ನೂ ಆಗಿಲ್ಲ. ಇವನ್ನು ಸರಿಪಡಿಸುವುದು ಇಲಾಖೆಯ ಕೆಲಸವಲ್ಲ. ಬ್ಯಾಂಕೇ ತಿದ್ದುಪಡಿಯ ಪಟ್ಟಿ ಸಲ್ಲಿಸಬೇಕು. ಆದುದರಿಂದ ಅರ್ಜಿಯನ್ನು ಶಾಖೆಗೆ ಬರೆದುಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ತೆರಿಗೆ ಹಿಡಿದುದಕ್ಕೆ ಬ್ಯಾಂಕು ಕೊಡುವ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಕಾಕುವಿನಂತೆ ತೆರಿಗೆಯೇ ಬಾರದವರು ವರ್ಷದ ಆರಂಭದಲ್ಲಿಯೇ ಬ್ಯಾಂಕಿಗೆ ಘೋಷಣೆ ಬರೆದುಕೊಟ್ಟಿದ್ದರೆ ಕಡಿತವೇ ಆಗುತ್ತಿರಲಿಲ್ಲ. ಆ ವರ್ಷ ಅದಕ್ಕೆ 15ಜಿ ಎಂಬ ನಮೂನೆಯಿತ್ತು. ಹಿಡಿದ ಮೇಲೆ ಕೊಟ್ಟರೆ, ಹಿಂದೆ ಸರಕಾರಕ್ಕೆ ಹೋದದ್ದನ್ನು ಬ್ಯಾಂಕು ಮರಳಿಸಲಾರದು.

ಕಾಕುವಿನ ರಿಟರ್ನನ್ನು ಅವರ ಮಗನೇ ಆ ಸಂಜೆ ನಮ್ಮ ಮೇಜಿನ ಮುಂದೆ ಕುಳಿತು ತುಂಬಿದ. ಹೊರಡುವಾಗ ಕಾಕು ಪಾಸ್‌ಬುಕ್ಕಿನಲ್ಲಿ ಪ್ರತಿ 12,600ರ ಪಕ್ಕದಲ್ಲಿಯೂ ಸೀಸದ ಕಡ್ಡಿಯಿಂದ “14,000” ಎಂದು ತಾವೇ ಬರೆದುಕೊಂಡರು.