ಡಬ್ಬದ ಮೇಲಿನ 5.3 ನೋಡಿ ಮರುಳಾಗಬೇಡಿ

ಇಯರ್‌ಬಡ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ಬ್ಲೂಟೂತ್ 5.3’ ಅಂತ ಹಾಕಿ, ಕೆಳಗೆ ‘ಎರಡು ಪಟ್ಟು ವೇಗ, ನಾಲ್ಕು ಪಟ್ಟು ದೂರ’ ಅಂತ ಸೇರಿಸ್ತಾರಲ್ಲ, ಇದರಷ್ಟು ನಾಜೂಕಾದ ಟೋಪಿ ಇನ್ನೊಂದಿಲ್ಲ. ಪೂರ್ತಿ ಸುಳ್ಳು ಅನ್ನೋ ಹಾಗಿಲ್ಲ. ಆದರೆ ನಿಮ್ಮ ಕಿವಿಗೆ ಬರೋ ಹಾಡಿಗೂ ಆ ಮಾತಿಗೂ ಸಂಬಂಧವೇ ಇಲ್ಲ!

ವಿಷಯ ಇಷ್ಟೇ. ಬ್ಲೂಟೂತ್ ಅನ್ನೋ ಒಂದೇ ಹೆಸರಿನ ಒಳಗೆ ಎರಡು ಬೇರೆ ಬೇರೆ ರೇಡಿಯೋ ಪದ್ಧತಿಗಳಿವೆ. ಹಳೆಯದು ಕ್ಲಾಸಿಕ್. ಇನ್ನೊಂದು 2010ರಲ್ಲಿ 4.0 ಜೊತೆ ಬಂದ ಲೋ ಎನರ್ಜಿ. ಸೆನ್ಸರ್, ಕೈಗೆ ಕಟ್ಟೋ ಬ್ಯಾಂಡ್ ಥರದವು ಆಗಾಗ ಒಂದಿಷ್ಟು ಮಾಹಿತಿ ಕಳಿಸಲಿ ಅಂತ ಮಾಡಿದ್ದು. 2016ರಲ್ಲಿ 5.0 ಬಂದಾಗ ಡಂಗುರ ಹೊಡೆದ ಎರಡು ಪಟ್ಟು, ನಾಲ್ಕು ಪಟ್ಟು ಎಲ್ಲಾ ಈ ಲೋ ಎನರ್ಜಿಯದ್ದು. ಬಹಳಷ್ಟು ಇಯರ್‌ಬಡ್‌ಗಳಲ್ಲಿ ಹಾಡು ಬರೋದು ಇವತ್ತಿಗೂ ಕ್ಲಾಸಿಕ್ ದಾರಿಯಲ್ಲೇ. ಅದರ ಗರಿಷ್ಠ ವೇಗ 2004ರಲ್ಲಿ ಸೆಕೆಂಡಿಗೆ 3 ಮೆಗಾಬಿಟ್ ಆಯ್ತು, ಡಬ್ಬದ ಮೇಲೆ 5.3 ಬಂದ್ರೂ ಅಷ್ಟೇ ಇದೆ.

ಸರಿ, ಲೆಕ್ಕ ಹಾಕೋಣ. ಎಲ್ಲಾ ಇಯರ್‌ಬಡ್‌ಗಳಲ್ಲೂ ಇರೋ ಎಸ್‌ಬಿಸಿ ಕೋಡೆಕ್ ಒಳ್ಳೇ ಗುಣಮಟ್ಟದಲ್ಲಿ ಕಳಿಸೋದು ಸೆಕೆಂಡಿಗೆ ಸುಮಾರು 328 ಕಿಲೋಬಿಟ್. ಅಂದ್ರೆ ಆ 3 ಮೆಗಾಬಿಟ್‌ನ ಒಂಬತ್ತನೇ ಒಂದು ಪಾಲು. ಇದಕ್ಕೆ ಎರಡು ಪಟ್ಟು ವೇಗ ಯಾಕೆ ಬೇಕು? ಇನ್ನು ನಾಲ್ಕು ಪಟ್ಟು ದೂರ ಬೇಕು ಅಂದ್ರೆ ಲೋ ಎನರ್ಜಿ ತನ್ನ ವೇಗವನ್ನ 125 ಕಿಲೋಬಿಟ್‌ಗೆ ಇಳಿಸಬೇಕು. 328ರ ಹಾಡು 125ರ ಕೊಳವೆಯಲ್ಲಿ ಹಿಡಿಸುತ್ತಾ ಸ್ವಾಮಿ? ವೇಗ ಮತ್ತು ದೂರ ಎರಡೂ ಒಟ್ಟಿಗೆ ಸಿಗೋದೂ ಇಲ್ಲ. ಇದಕ್ಕಿಂತ ತಮಾಷೆ ಅಂದ್ರೆ ಈ ಎರಡೂ ಐಚ್ಛಿಕ. ಒಂದನ್ನೂ ಹಾಕದೆ 5.3 ಅಂತ ಅಚ್ಚು ಹಾಕಬಹುದು.

ಹಾಗಾದ್ರೆ ಹಾಡು ಕಡಿದು ಕಡಿದು ಬರೋದ್ಯಾಕೆ? ಕಾರಣ ಆಂಟೆನಾ, ರೇಡಿಯೋದ ಶಕ್ತಿ, ಸುತ್ತಲಿನ ವೈಫೈ ಗದ್ದಲ, ಮತ್ತೆ ನೀವು! ಹೌದು, ನಮ್ಮ ಮೈಯಲ್ಲಿರೋ ನೀರು ಈ 2.4 ಗಿಗಾಹರ್ಟ್ಸ್ ಅಲೆಗಳನ್ನ ನುಂಗುತ್ತೆ. ಫೋನನ್ನ ಹಿಂದಿನ ಜೇಬಿನಿಂದ ತೆಗೆದು ಅಂಗಿ ಜೇಬಿಗೆ ಹಾಕಿ ನೋಡಿ. ಕಡಿತ ನಿಂತರೆ ತಪ್ಪು ನಂಬರಿನದ್ದಲ್ಲ. ಬ್ಯಾಟರಿ ಕಥೆಯೂ ಹೀಗೇ. ಅದು ಒಳಗಿನ ಚಿಪ್ಪು, ಸೆಲ್ಲಿನ ಗಾತ್ರ, ವಾಲ್ಯೂಮು, ಗದ್ದಲ ತಡೆಯೋ ಸೌಲಭ್ಯ ಇವುಗಳ ಮೇಲೆ ನಿಂತಿದೆ.

ನಂಬರಿಗೆ ಬೆಲೆ ಇರೋದು ಒಂದೇ ಕಡೆ. 5.2ರಿಂದ ಲೋ ಎನರ್ಜಿ ಮೂಲಕವೇ ಹಾಡು ಕಳಿಸೋ ‘ಎಲ್‌ಇ ಆಡಿಯೋ’ ಸಾಧ್ಯ ಆಯ್ತು. ಅದರ ಎಲ್‌ಸಿ3 ಕೋಡೆಕ್ ಕಡಿಮೆ ಬಿಟ್‌ನಲ್ಲೇ ಚೆನ್ನಾಗಿ ಕೇಳಿಸುತ್ತೆ, ಹಾಗಾಗಿ ರೇಡಿಯೋ ಕಡಿಮೆ ಹೊತ್ತು ದುಡಿದರೆ ಸಾಕು. ಆದರೆ ಅದೂ ಐಚ್ಛಿಕವೇ. ಇಯರ್‌ಬಡ್‌ನಲ್ಲೂ ಇರಬೇಕು, ಫೋನಿನಲ್ಲೂ ಇರಬೇಕು. ಒಂದರಲ್ಲಿ ಇಲ್ಲದಿದ್ರೂ ಮತ್ತೆ ಹಳೇ ಕ್ಲಾಸಿಕ್ಕೇ ಗತಿ.

ಅದಕ್ಕೇ ಹೇಳೋದು, ಅಂಗಡಿಯಲ್ಲಿ ‘ಎಷ್ಟನೇ ವರ್ಶನ್ನು?’ ಅಂತ ಕೇಳಬೇಡಿ. ‘ಎಲ್‌ಇ ಆಡಿಯೋ ಇದೆಯಾ? ಗದ್ದಲ ತಡೆಯೋದು ಆನ್ ಇದ್ದಾಗ ಎಷ್ಟು ಗಂಟೆ ಬರುತ್ತೆ?’ ಅಂತ ಕೇಳಿ. ಉತ್ತರಕ್ಕೆ ತಡವರಿಸಿ ಮತ್ತೆ 5.3 ಅಂದ್ರೆ, ಡಬ್ಬ ವಾಪಸ್ ಕೊಟ್ಟು ಬನ್ನಿ :)