ಎಲೆಯ ಹೆಸರೂ ಎಲೆಯ ಓದೂ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗನ ಶಾಲೆಯ ಪ್ರಾಂಶುಪಾಲರಿಗೆ ಬರೆದ ಪತ್ರದ ಪ್ರತಿಯನ್ನು ನನಗೂ ಕಳುಹಿಸಿದ್ದಾಳೆ. ಏಳನೆಯ ತರಗತಿಯ ಎಲೆ ಸಂಗ್ರಹದ ಪ್ರಾಜೆಕ್ಟಿಗೆ, ಚಿತ್ರ ನೋಡಿ ಹೆಸರು ಹೇಳುವ ಮೊಬೈಲ್ ತಂತ್ರಾಂಶವನ್ನು ಮಕ್ಕಳು ಬಳಸಬಹುದೇ ಎಂಬುದು ಅವಳ ವಿನಯದ ಪ್ರಶ್ನೆ. ಬಂದ ಉತ್ತರ ಒಂದೇ ಸಾಲು: "ಅನುಮತಿ ಇಲ್ಲ."

ಈ ಉತ್ತರವನ್ನು ನಾನು ಒಪ್ಪಲಾರೆ. ಹಾಗೆಂದು, "ಕಾಲ ಬದಲಾಗಿದೆ, ಬಳಸಲಿ ಬಿಡಿ" ಎನ್ನುವವರನ್ನೂ ಒಪ್ಪಲಾರೆ.

ಆ ಹುಡುಗ ಮಾಡಿದ್ದನ್ನೇ ನೋಡೋಣ. ರಸ್ತೆಬದಿಯ ಮರದಿಂದ ಒಂದು ಎಲೆ ಕಿತ್ತು, ಬಿಳಿಯ ಹಾಳೆಯ ಮೇಲಿಟ್ಟು ಚಿತ್ರ ತೆಗೆದ. ತಂತ್ರಾಂಶ "ಬೇವು" ಎಂದಿತು. ಮರ ಹೆಬ್ಬೇವು. ಯಂತ್ರವನ್ನು ದೂರುವ ಮೊದಲು ಹುಡುಗ ಅದಕ್ಕೆ ತೋರಿಸಿದ್ದೇನೆಂದು ಕೇಳಬೇಕು. ಅವನು ಕಿತ್ತದ್ದು ಎಲೆಯಲ್ಲ, ಕಿರುಎಲೆ. ಬೇವಿನಲ್ಲಿ ಒಂದೇ ನಡುದಂಟಿನ ಎರಡೂ ಬದಿಗೆ ಕಿರುಎಲೆಗಳು ನೇರವಾಗಿ ಕೂಡಿಕೊಂಡಿರುತ್ತವೆ. ಹೆಬ್ಬೇವಿನಲ್ಲಿ ಆ ನಡುದಂಟು ಮತ್ತೆ ಕವಲೊಡೆದು, ಕಿರುಎಲೆಗಳು ಕವಲುಗಳ ಮೇಲೆ ಕುಳಿತಿರುತ್ತವೆ. ಎರಡನ್ನೂ ಸುಲಭವಾಗಿ ಬೇರ್ಪಡಿಸುವ ಈ ಗುರುತು ಚಿತ್ರದಲ್ಲಿ ಇರಲೇ ಇಲ್ಲ. ಇಲ್ಲದ್ದನ್ನು ಯಂತ್ರ ಹೇಗೆ ಓದೀತು?

ಎಲೆ ಎಲ್ಲಿಂದ ಆರಂಭವಾಗುತ್ತದೆಂದು ತಿಳಿಯಲು ಮೊಗ್ಗನ್ನು ಹುಡುಕಬೇಕು. ಎಲೆಯ ತೊಟ್ಟು ರೆಂಬೆಗೆ ಸೇರುವ ಮೂಲೆಯಲ್ಲಿ ಮೊಗ್ಗಿರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಇದನ್ನು ತಿಳಿದ ಮಗು ಒಂದಡಿ ಉದ್ದದ ಬೇವಿನ ಎಲೆಯನ್ನು ಇಡಿಯಾಗಿ ತರುತ್ತದೆ. ಕರಿಬೇವಿನ ಎಲೆಯನ್ನು ಹೊಸಕಿ ಮೂಸುತ್ತದೆ. ಆ ವಾಸನೆ ಯಾವ ಚಿತ್ರದಲ್ಲಿಯೂ ಬರುವುದಿಲ್ಲ.

ಆದುದರಿಂದ ನನ್ನ ವಾದ ಇಷ್ಟೇ: ಅನುಮತಿ ಕೊಡಿ, ಆದರೆ ಕ್ರಮವನ್ನು ನಿಗದಿಪಡಿಸಿ. ವಿದ್ಯಾರ್ಥಿ ಮೊದಲು ಎಲೆಯ ಚಿತ್ರ ಬರೆದು, ಮೊಗ್ಗಿನ ಸ್ಥಾನ, ಕವಲು, ಅಂಚು, ವಾಸನೆಗಳನ್ನು ತನ್ನ ಮಾತಿನಲ್ಲಿ ದಾಖಲಿಸಲಿ. ಅನಂತರ ಕಿರುಎಲೆ, ಇಡೀ ಎಲೆ, ಇಡೀ ಮರ ಹೀಗೆ ಮೂರು ಚಿತ್ರ ತೆಗೆದು ತಂತ್ರಾಂಶವನ್ನು ಕೇಳಲಿ. ಮೂರಕ್ಕೂ ಒಂದೇ ಹೆಸರು ಬಾರದಿದ್ದರೆ ಅಲ್ಲಿಯೇ ಸಂಶಯಕ್ಕೆ ಕಾರಣವಿದೆ. ಒಂದೇ ಹೆಸರು ಬಂದರೂ ಅದು ತಾನು ಬರೆದ ಗುರುತುಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಲಿ. ಅಂಕಗಳು ಹೆಸರಿಗಲ್ಲ, ಆ ಗುರುತುಗಳಿಗೆ ಸಲ್ಲಲಿ.

ನಿಷೇಧದಿಂದ ಆಗುವುದೇನು? ಮನೆಯಲ್ಲಿ ಗುಟ್ಟಾಗಿ ಕೇಳಿದ "ಬೇವು" ಎಂಬ ಹೆಸರು ಅಂದವಾದ ಅಕ್ಷರಗಳಲ್ಲಿ ಹಾಳೆಯ ಮೇಲೆ ಬರುತ್ತದೆ. ಉಪಾಧ್ಯಾಯರು ಸರಿ ಗುರುತು ಹಾಕುತ್ತಾರೆ. ಹಿಂದೆಯೂ ಅಕ್ಕನ ಹಳೆಯ ಪುಸ್ತಕ ನೋಡಿ ಹೆಸರು ಬರೆದು ತಂದವರಿಗೆ ನಾನೇ ಪೂರ್ಣ ಅಂಕ ಕೊಟ್ಟಿದ್ದೇನೆ. ಆಗಲೂ ತಪ್ಪು ಪುಸ್ತಕದ್ದಾಗಿರಲಿಲ್ಲ. ಹೆಸರನ್ನಷ್ಟೇ ಕೇಳಿದ ನನ್ನ ಪ್ರಶ್ನೆಯದಾಗಿತ್ತು.